ಕರಪತ್ರದ ತಲೆಬರಹ: ಹೊಸ ಟ್ಯೂಷನ್ ಕೇಂದ್ರದ ಬೇಸಿಗೆ ಬ್ಯಾಚು

ಮಾರ್ಚ್ ತಿಂಗಳು ಮುಗಿಯುತ್ತಿದ್ದಂತೆ ಬೆಳಗಿನ ಪತ್ರಿಕೆಯ ಮಡಿಕೆಯೊಳಗಿಂದ ಟ್ಯೂಷನ್ ಕೇಂದ್ರಗಳ ಕರಪತ್ರಗಳು ಉದುರತೊಡಗುತ್ತವೆ. ಅವುಗಳಲ್ಲಿ ಬಹುಪಾಲು ಓದಿಸಿಕೊಳ್ಳದೆಯೇ ಕಸದ ಬುಟ್ಟಿಗೋ ಒಲೆಗೋ ಸೇರುತ್ತವೆ. ಕರಪತ್ರವನ್ನು ಕೈಗೆತ್ತಿಕೊಂಡವರು ಮೊದಲು ತಲೆಬರಹದ ಮೇಲೆ ಕಣ್ಣಾಡಿಸುತ್ತಾರೆ. ಅದು ತಮಗೆ ಸಂಬಂಧಿಸಿದ್ದೆಂದು ಅನಿಸದಿದ್ದರೆ ಕೆಳಗಿನ ಸಾಲುಗಳಿಗೆ ಇಳಿಯುವುದೇ ಇಲ್ಲ. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ರಚನಾಭ್ಯಾಸಕ್ಕೆ ಈ ತಲೆಬರಹವನ್ನೇ ವಸ್ತುವಾಗಿ ತೆಗೆದುಕೊಂಡ ಪಾಠವಿದು. ಎರಡು ಅವಧಿಗಳು ಸಾಕು. ಹತ್ತು ಪದಗಳಿಗೆ ಮೀರದ ಬರವಣಿಗೆಯಾದ್ದರಿಂದ ವಿದ್ಯಾರ್ಥಿಯು ಒಂದೇ ವಾಕ್ಯವನ್ನು ನಾಲ್ಕಾರು ಬಾರಿ ತಿದ್ದಿ ಬರೆಯಲು ಸಮಯ ದೊರೆಯುತ್ತದೆ. ಪ್ರಬಂಧ ಲೇಖನದಲ್ಲಿ ಈ ಅನುಕೂಲವಿಲ್ಲ.

ಆರಂಭದಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ, 2009ರ 28ನೆಯ ಪ್ರಕರಣವು ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸುತ್ತದೆ. ಆದ್ದರಿಂದ ಪಾಠಕ್ಕೆ ಆಯ್ದುಕೊಳ್ಳುವ ಕೇಂದ್ರವು ಕಲ್ಪಿತವಾಗಿರಬೇಕು. ಊರಿನಲ್ಲಿ ನಿಜವಾಗಿ ಇರುವ ಕೇಂದ್ರವೊಂದಕ್ಕೆ ತರಗತಿಯಲ್ಲಿ ತಲೆಬರಹ ಬರೆಸಿಕೊಡುವುದು ಅಧ್ಯಾಪಕರಿಗೆ ಒಪ್ಪುವ ಕೆಲಸವಲ್ಲ.

ಮೊದಲು ಸಂಗತಿ, ಅನಂತರ ಸಾಲು

ಕಲ್ಪಿತ ಕೇಂದ್ರದ ವಿವರಗಳನ್ನು ಅಧ್ಯಾಪಕರು ಮೊದಲೇ ಗೊತ್ತುಪಡಿಸಿಕೊಂಡು ಕರಿಹಲಗೆಯ ಮೇಲೆ ಬರೆಯುವುದು ಒಳ್ಳೆಯದು. ವಿವರಗಳಿಲ್ಲದೆ ತಲೆಬರಹ ಬರೆಯಹೊರಟ ಮಕ್ಕಳು ವಿಶೇಷಣಗಳ ಮೊರೆಹೋಗುವುದು ಅನಿವಾರ್ಯ. ಕಾಸರಗೋಡು ಜಿಲ್ಲೆಗೆ ಹೊಂದುವ ಮಾದರಿಯೊಂದನ್ನು ಇಲ್ಲಿ ಕೊನೆಯವರೆಗೂ ಬೆಳೆಸಲಾಗಿದೆ.

ಕುಂಬಳೆಯ ಪೇಟೆಯಲ್ಲಿ ಹೊಸದಾಗಿ ಟ್ಯೂಷನ್ ಕೇಂದ್ರವೊಂದು ತೆರೆಯಲಿದೆ ಎಂದು ಭಾವಿಸಬೇಕು. ವಿಷು ಕಳೆದ ಮೇಲೆ, ಏಪ್ರಿಲ್ 20ರಿಂದ ಮೇ 29ರವರೆಗೆ, ಬೆಳಿಗ್ಗೆ 8ರಿಂದ 10ರವರೆಗೆ ತರಗತಿ. ವಾರಕ್ಕೆ ಐದು ದಿನಗಳಂತೆ ಆರು ವಾರ. ಎರಡು ರಜಾದಿನಗಳನ್ನು ಕಳೆದರೆ 28 ತರಗತಿಗಳು. ಬ್ಯಾಚುಗಳು ಎರಡು. ಒಂಬತ್ತನ್ನು ಮುಗಿಸಿ ಜೂನ್‌ನಲ್ಲಿ ಹತ್ತಕ್ಕೆ ಹೋಗುವವರಿಗೆ ಗಣಿತದ ಬ್ಯಾಚು ಒಂದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಪರೀಕ್ಷೆ ಬರೆದು ಪ್ಲಸ್ ವನ್ ವಿಜ್ಞಾನ ವಿಭಾಗಕ್ಕೆ ಸೇರಬಯಸುವವರಿಗೆ ಗಣಿತ ಮತ್ತು ಭೌತವಿಜ್ಞಾನದ ಬ್ಯಾಚು ಇನ್ನೊಂದು. ಒಂದೊಂದಕ್ಕೆ 15 ವಿದ್ಯಾರ್ಥಿಗಳು.

ಎರಡನೆಯ ಬ್ಯಾಚಿನ ಹಿನ್ನೆಲೆಯನ್ನು ಕಾಸರಗೋಡಿನ ಮಕ್ಕಳಿಗೆ ವಿವರಿಸುವ ಅಗತ್ಯವಿರಲಾರದು. ಅಕ್ಕನಿಗೋ ಅಣ್ಣನಿಗೋ ಆದದ್ದನ್ನು ಅವರು ಕಂಡಿರುತ್ತಾರೆ. ಹತ್ತರವರೆಗೆ ಕನ್ನಡ ಪಠ್ಯಪುಸ್ತಕಗಳಲ್ಲಿ ಗಣಿತ, ವಿಜ್ಞಾನಗಳನ್ನು ಕಲಿತವರ ಕೈಗೆ ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪುಸ್ತಕಗಳು ಬರುತ್ತವೆ. ‘ವೇಗೋತ್ಕರ್ಷ’ವನ್ನು ಚೆನ್ನಾಗಿ ಅರಿತ ಹುಡುಗಿಯೂ ‘ಆಕ್ಸಲರೇಷನ್’ ಎಂದೊಡನೆ ತನಗೆ ಗೊತ್ತಿಲ್ಲದ ವಿಷಯವೆಂದು ಹಿಂಜರಿಯುತ್ತಾಳೆ. ಆಕೆಯಲ್ಲಿ ಜ್ಞಾನದ ಕೊರತೆಯಿಲ್ಲ, ಹೆಸರು ಮಾತ್ರ ಬದಲಾಗಿದೆ. ಇಷ್ಟು ನಿಶ್ಚಿತವಾದ ಅಗತ್ಯವೊಂದು ಇರುವಾಗ ಅದನ್ನು ಹೇಳದೆ ಬಿಟ್ಟ ತಲೆಬರಹ ಎಷ್ಟೇ ಸೊಗಸಾಗಿದ್ದರೂ ವ್ಯರ್ಥ.

ಮಕ್ಕಳ ಮೊದಲ ಕರಡು

ವಿವರಗಳನ್ನು ಬರೆದುಕೊಟ್ಟ ಮೇಲೂ ಮೊದಲ ಯತ್ನದಲ್ಲಿ ಬರುವ ಸಾಲುಗಳು ಬಹುಮಟ್ಟಿಗೆ ಹೀಗಿರುತ್ತವೆ:

ಸುವರ್ಣಾವಕಾಶ! ನೂತನ ಟ್ಯೂಷನ್ ಕೇಂದ್ರದ ಶುಭಾರಂಭ
ರಜೆಯ ಮಜದ ಜೊತೆ ಓದಿನ ಹದ
ನಿಮ್ಮ ಮಗು ಗಣಿತದಲ್ಲಿ ಹಿಂದೆ ಬಿದ್ದಿದೆಯೇ?
ಶೇ 100 ಫಲಿತಾಂಶ ಖಚಿತ

ಇವನ್ನು ತಪ್ಪೆಂದು ಹೊಡೆದುಹಾಕುವ ಬದಲು ಒಂದೊಂದನ್ನೂ ಕರಿಹಲಗೆಯ ಮೇಲೆ ಪರೀಕ್ಷೆಗೊಡ್ಡಬೇಕು. ಪರೀಕ್ಷೆ ಸರಳ: ಸಾಲಿನ ಕೆಳಗೆ ಬೇರೊಂದು ಕೇಂದ್ರದ ಹೆಸರನ್ನು ಬರೆದುನೋಡುವುದು. ಸಾಲು ಅದಕ್ಕೂ ಹೊಂದಿಕೊಂಡರೆ ಅದು ಯಾರ ತಲೆಬರಹವೂ ಅಲ್ಲ. ಮೊದಲನೆಯ ಸಾಲಿನ ಕೆಳಗೆ ಹೊಲಿಗೆ ತರಬೇತಿ ಕೇಂದ್ರವನ್ನೂ ಇರಿಸಬಹುದು, ಕಾರು ಚಾಲನಾ ಶಾಲೆಯನ್ನೂ ಇರಿಸಬಹುದು. ‘ನೂತನ’ ಎಂಬುದು ಕೇಂದ್ರದ ಮಾಲೀಕರಿಗೆ ಸಂಭ್ರಮದ ಸುದ್ದಿ. ತಾಯಿತಂದೆಯರಿಗೆ ಅದು ಅನುಭವವಿಲ್ಲದ ಕೇಂದ್ರವೆಂಬ ಅನುಮಾನವನ್ನು ತರುವುದೂ ಉಂಟು.

ಎರಡನೆಯ ಸಾಲು ಮಕ್ಕಳಿಗೆ ಬಹಳ ಪ್ರಿಯವಾಗುತ್ತದೆ, ಏಕೆಂದರೆ ಅದರಲ್ಲಿ ಪ್ರಾಸವಿದೆ. ಪ್ರಾಸವೇ ದೋಷವೆಂದು ಹೇಳುವುದು ನ್ಯಾಯವಲ್ಲ. ನೆನಪಿನಲ್ಲಿ ಉಳಿಯಲು ಅದು ನೆರವಾಗುತ್ತದೆ. ಆದರೆ ಈ ಸಾಲಿನಲ್ಲಿ ಪ್ರಾಸಕ್ಕಾಗಿ ‘ಹದ’ ಬಂದಿತೇ ಹೊರತು ಅರ್ಥಕ್ಕಾಗಿ ಬರಲಿಲ್ಲ. ಓದಿನ ಹದವೆಂದರೇನೆಂದು ಬರೆದವರನ್ನೇ ಕೇಳಿದರೆ ಉತ್ತರ ದೊರೆಯುವುದಿಲ್ಲ.

ಮೂರನೆಯದು ಹೆಚ್ಚು ಗಮನಿಸಬೇಕಾದ ಸಾಲು. ಅದು ಓದುಗರನ್ನು ಖಂಡಿತವಾಗಿ ತಡೆದು ನಿಲ್ಲಿಸುತ್ತದೆ, ಆದರೆ ಭಯದಿಂದ. ಆ ಕರಪತ್ರ ಊಟದ ಮನೆಯಲ್ಲಿ ಬಿದ್ದಿರುವಾಗ ಮಗುವೂ ಅದನ್ನು ಓದುತ್ತದೆ ಎಂಬುದನ್ನು ಬರೆದವರು ಮರೆತಿದ್ದಾರೆ. ಟ್ಯೂಷನ್ನಿಗೆ ಸೇರುವುದೆಂದರೆ ‘ಹಿಂದೆ ಬಿದ್ದವ’ನೆಂದು ಒಪ್ಪಿಕೊಂಡಂತೆ ಎಂದಾದರೆ ಯಾವ ಮಗುವೂ ಮನಸ್ಸಿನಿಂದ ಹೋಗಲಾರದು. ತರಗತಿಯಲ್ಲಿ ಗಣಿತಕ್ಕೆ ಅಂಜುವ ಮಕ್ಕಳು ಇದ್ದೇ ಇರುವುದರಿಂದ ಈ ಸಾಲಿನ ಚರ್ಚೆಯನ್ನು ಯಾರತ್ತಲೂ ಬೆರಳು ಮಾಡದೆ ನಡೆಸಬೇಕು.

ನಾಲ್ಕನೆಯದು ಸುಳ್ಳು. ಇನ್ನೂ ಬಾಗಿಲು ತೆರೆಯದ ಕೇಂದ್ರಕ್ಕೆ ತೋರಿಸಲು ಫಲಿತಾಂಶವೇ ಇಲ್ಲ. ಬರಲಿರುವ ಫಲಿತಾಂಶವನ್ನು ಖಚಿತವೆನ್ನಲು ಯಾರಿಂದಲೂ ಆಗದು. ಹಾದಿ ತಪ್ಪಿಸುವ ಜಾಹೀರಾತು ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ವ್ಯಾಪ್ತಿಗೆ ಬರುತ್ತದೆ. ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅವು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಸಂಬಂಧಿಸಿದವು. ಸುಳ್ಳು ಭರವಸೆಯನ್ನಲ್ಲದೆ, ಇಲ್ಲದ ಅವಸರವನ್ನು ಹುಟ್ಟಿಸುವುದನ್ನೂ ಅವು ತಡೆಯುತ್ತವೆ. ನಮ್ಮ ಮಾದರಿ ಕೇಂದ್ರ ಅದಕ್ಕಿಂತ ಚಿಕ್ಕದು. ಆದರೂ ಮಕ್ಕಳು ತಿಳಿಯಬೇಕಾದ ವಿವೇಚನೆ ಅದರಲ್ಲಿದೆ. ‘15 ಮಂದಿಗೆ ಮಾತ್ರ’ ಎಂಬ ಮಾತು ಹದಿನಾರನೆಯವರನ್ನು ನಿಜವಾಗಿ ಹಿಂದಕ್ಕೆ ಕಳುಹಿಸುವ ಕೇಂದ್ರದ ಕರಪತ್ರದಲ್ಲಿ ಮಾಹಿತಿ. ಬಂದವರನ್ನೆಲ್ಲ ಸೇರಿಸಿಕೊಳ್ಳುವ ಕೇಂದ್ರದ ಕರಪತ್ರದಲ್ಲಿ ಅದೇ ಮಾತು ಬಲೆ.

ಚತುರ್ಥಿಯಿಂದ ಆರಂಭ

ಹೊಸ ಕೇಂದ್ರಕ್ಕೆ ಹೆಸರಿಲ್ಲ, ಫಲಿತಾಂಶವಿಲ್ಲ, ಹಳೆಯ ವಿದ್ಯಾರ್ಥಿಗಳಿಲ್ಲ. ಅದು ನಿಜವಾಗಿ ಹೇಳಬಲ್ಲದ್ದು ಎರಡೇ ಸಂಗತಿ: ತರಗತಿ ಯಾರಿಗೆ, ಮತ್ತು ಇಷ್ಟು ದಿನಗಳಲ್ಲಿ ಯಾವ ಪಾಠ ನಡೆಯುತ್ತದೆ. ‘ಯಾರಿಗೆ’ ಎಂಬುದು ಚತುರ್ಥೀ ವಿಭಕ್ತಿಯ ಪ್ರಶ್ನೆ. ಕನ್ನಡ ವಾಕ್ಯದಲ್ಲಿ ಚತುರ್ಥಿಯ ಪದವನ್ನು ಮೊದಲಿಗೆ ತಂದರೂ ವಾಕ್ಯ ಕೆಡುವುದಿಲ್ಲ, ಕ್ರಿಯಾಪದವನ್ನು ಬಿಟ್ಟರೂ ಅರ್ಥ ನಿಲ್ಲುತ್ತದೆ. ‘ಹತ್ತಕ್ಕೆ ಹೋಗುವವರಿಗೆ ಬೇಸಿಗೆಯಲ್ಲಿ ಗಣಿತ’ ಎಂಬುದರಲ್ಲಿ ಕ್ರಿಯಾಪದವಿಲ್ಲದಿದ್ದರೂ ಕೊರತೆ ಕಾಣುವುದಿಲ್ಲ. ‘ತರಗತಿಗಳನ್ನು ಆರಂಭಿಸಲಾಗುವುದು’ ಎಂಬ ಬಾಲವನ್ನು ಕತ್ತರಿಸಿ, ಯಾರಿಗೆಂಬುದನ್ನು ಮುಂದಕ್ಕೆ ತರುವ ಈ ಒಂದು ಬದಲಾವಣೆಯಿಂದಲೇ ಮಕ್ಕಳ ಅರ್ಧಕ್ಕೂ ಹೆಚ್ಚು ಸಾಲುಗಳು ಸುಧಾರಿಸುತ್ತವೆ. ವಿಭಕ್ತಿಯನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿದವರಿಗೆ ಅದರ ಪ್ರಯೋಜನ ಕಣ್ಣಿಗೆ ಬೀಳುವುದು ಇಂತಹ ಸ್ಥಳಗಳಲ್ಲಿ.

ಮೊದಲ ಬ್ಯಾಚಿಗೆ ಇದರಿಂದ ದೊರೆಯುವ ಸಾಲು: ‘ಹತ್ತಕ್ಕೆ ಹೋಗುವವರಿಗೆ: ಜೂನ್ ಬರುವ ಮೊದಲೇ ಗಣಿತದ ಮೂರು ಅಧ್ಯಾಯ.’ ಮೂರು ಅಧ್ಯಾಯಗಳು ಮುಗಿದವೋ ಇಲ್ಲವೋ ಎಂಬುದನ್ನು ಮೇ ಕೊನೆಗೆ ಯಾವ ತಾಯಿಯೂ ಮಗುವಿನ ಪುಸ್ತಕ ತೆರೆದು ನೋಡಬಲ್ಲಳು. ‘ಗಣಿತದಲ್ಲಿ ಪರಿಣತಿ’ ಎಂದಿದ್ದರೆ ನೋಡಲು ಏನೂ ಇರುತ್ತಿರಲಿಲ್ಲ.

ಎರಡನೆಯ ಬ್ಯಾಚಿನ ಸಾಲು ಇಷ್ಟು ಸುಲಭವಾಗಿ ಒದಗುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ತುಂಬಿದಾಗ ಅದು ಹೀಗಾಗುತ್ತದೆ: ‘ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್ ಸಯನ್ಸ್ ಸೇರಲಿರುವವರಿಗೆ ಇಂಗ್ಲಿಷ್ ಪಠ್ಯಗಳನ್ನು ಅರಿಯಲು ನೆರವಾಗುವ ಆರು ವಾರಗಳ ತರಗತಿ.’ ಎಲ್ಲವೂ ನಿಜ, ಆದರೆ ಇದು ತಲೆಬರಹವಲ್ಲ. ಇಲ್ಲಿ ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ, ಯಾವ ಪದವನ್ನು ತೆಗೆದರೂ ಓದುಗರು ಅದನ್ನು ತಾವೇ ಊಹಿಸಿಕೊಳ್ಳಬಲ್ಲರು ಎಂಬುದು. ಪ್ಲಸ್ ವನ್ ಎಂದ ಮೇಲೆ ಹತ್ತು ಮುಗಿದಿದೆ ಎಂದಾಯಿತು. ಕನ್ನಡ ಮಾಧ್ಯಮದಿಂದ ಪ್ಲಸ್ ವನ್‌ಗೆ ಎಂದ ಮೇಲೆ ಭಾಷೆ ಬದಲಾಗುವ ಕಷ್ಟ ಕಾಸರಗೋಡಿನ ಓದುಗರಿಗೆ ತಾನಾಗಿ ಹೊಳೆಯುತ್ತದೆ. ಉಳಿಯುವುದು ಇಷ್ಟು:

ಕನ್ನಡ ಮಾಧ್ಯಮದಿಂದ
ಪ್ಲಸ್ ವನ್ ಸಯನ್ಸಿಗೆ
ಆರು ವಾರಗಳ ಸಿದ್ಧತೆ

ಅದರ ಕೆಳಗೆ ಚಿಕ್ಕ ಅಕ್ಷರಗಳ ಉಪಶೀರ್ಷಿಕೆ: ‘ಗಣಿತ, ಭೌತವಿಜ್ಞಾನದ ಕನ್ನಡ ಪದಗಳಿಂದ ಇಂಗ್ಲಿಷ್ ಪದಗಳಿಗೆ. ಏಪ್ರಿಲ್ 20ರಿಂದ, ಕುಂಬಳೆ ಪೇಟೆಯಲ್ಲಿ.’ ಕೇಂದ್ರ ಹೊಸದಾದ್ದರಿಂದ ಅದು ಎಲ್ಲಿದೆಯೆಂಬುದು ಊರಿಗೆ ತಿಳಿದಿಲ್ಲ. ಸ್ಥಳವನ್ನು ಕಾಗದದ ಅಡಿಗೆ ತಳ್ಳದೆ ಮೇಲೆಯೇ ಹೇಳಬೇಕು. ಶುಲ್ಕ, ವೇಳೆ, ದೂರವಾಣಿ ಸಂಖ್ಯೆಗಳು ಕೆಳಗಿದ್ದರೆ ಸಾಕು.

ಎರಡೂ ಬ್ಯಾಚುಗಳನ್ನು ಒಂದೇ ತಲೆಬರಹದಲ್ಲಿ ಸೇರಿಸಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ಹಾಗೆ ಸೇರಿಸಿದಾಗ ಉಳಿಯುವುದು ‘ಕನ್ನಡ ಮಾಧ್ಯಮದವರಿಗೆ ಬೇಸಿಗೆ ಟ್ಯೂಷನ್’ ಎಂಬ ಸಾಲು. ಇದು ಕೆಟ್ಟ ಸಾಲಲ್ಲ, ಸೊರಗಿದ ಸಾಲು. ಕಾಗದದ ಒಂದು ಮಗ್ಗುಲಿಗೆ ಒಂದು ಬ್ಯಾಚಿನ ತಲೆಬರಹ, ಇನ್ನೊಂದು ಮಗ್ಗುಲಿಗೆ ಇನ್ನೊಂದರದು ಎಂಬ ಪರಿಹಾರವನ್ನು ಚುರುಕಾದ ಮಕ್ಕಳು ತಾವೇ ಸೂಚಿಸುವುದುಂಟು. ಎರಡು ಮಗ್ಗುಲು ಮುದ್ರಿಸಲು ಖರ್ಚು ಹೆಚ್ಚು ಎಂಬುದನ್ನೂ ಆಗ ತಿಳಿಸಬೇಕು.

ಪದ ಯಾವುದು, ಪ್ರತ್ಯಯ ಹೇಗೆ

ಟ್ಯೂಷನ್, ಬ್ಯಾಚು, ಪ್ಲಸ್ ವನ್, ಸಯನ್ಸ್ ಎಂಬ ಪದಗಳನ್ನು ಕಂಡು ಕೆಲವು ಅಧ್ಯಾಪಕರಿಗೆ ಕಸಿವಿಸಿಯಾಗಬಹುದು. ಮನೆಪಾಠ ಎಂಬ ಕನ್ನಡ ಪದವಿದೆ. ಆದರೆ ಮನೆಗೆ ಬಂದು ಒಬ್ಬರಿಗೆ ಹೇಳಿಕೊಡುವುದಕ್ಕೆ ಅದು ಒಪ್ಪುತ್ತದೆ, ಪೇಟೆಯ ಕೇಂದ್ರಕ್ಕೆ ಒಪ್ಪುವುದಿಲ್ಲ. ‘ಬೇಸಿಗೆ ರಜಾಕಾಲೀನ ವಿಶೇಷ ತರಬೇತಿ ತಂಡ’ ಎಂದು ಬರೆದರೆ ಬ್ಯಾಚೆಂದು ಯಾರೂ ತಿಳಿಯುವುದಿಲ್ಲ. ಜನರ ಬಾಯಲ್ಲಿ ನಿಂತ ಪದವನ್ನು ಬಳಸಿ, ಅದಕ್ಕೆ ಕನ್ನಡದ ಪ್ರತ್ಯಯವನ್ನು ಕನ್ನಡದ ರೀತಿಯಲ್ಲಿ ಹಚ್ಚುವುದೇ ಸರಿಯಾದ ಮಾರ್ಗ. ವ್ಯಂಜನಾಂತ ಪದಕ್ಕೆ ಸ್ವರ ಸೇರಿಸಿ ‘ಸಯನ್ಸಿಗೆ’, ‘ಬ್ಯಾಚಿಗೆ’, ‘ಟ್ಯೂಷನ್ನಿಗೆ’ ಎಂದು ಬರೆಯುವುದು ನಾಲಿಗೆಗೂ ಹಿತ, ಅಚ್ಚಿಗೂ ಹಿತ. ‘ಸಯನ್ಸ್’ ಎಂದು ಬರೆದು ‘ಗೆ’ ಹಚ್ಚಿದರೆ, ಬೆರಳಚ್ಚು ಮಾಡುವಾಗ ಸ್ವಲ್ಪ ಎಚ್ಚರ ತಪ್ಪಿದರೂ ಆ ಗಕಾರ ಒತ್ತಕ್ಷರವಾಗಿ ಕೆಳಗಿಳಿದು ಓದಲಾಗದ ಗಂಟಾಗುತ್ತದೆ.

ಗಡಿಯಾಚೆಯ ಬೇರೆ ನಾಡುಗಳಲ್ಲಿ ಈ ಪದಗಳು ಬದಲಾಗುತ್ತವೆ. ಅಕ್ಕಲಕೋಟೆ, ಜತ್ತ ಕಡೆಯ ಮಕ್ಕಳು ಟ್ಯೂಷನ್ನಿಗೆ ಮರಾಠಿಯ ‘ಶಿಕವಣಿ’ ಎಂಬ ಪದವನ್ನೂ, ಹನ್ನೊಂದನೆಯ ತರಗತಿಗೆ ‘ಅಕರಾವಿ’ ಎಂಬ ಪದವನ್ನೂ ಕೇಳಿ ಬೆಳೆದವರು. ರಾಯದುರ್ಗ, ಮಡಕಶಿರಾಗಳಲ್ಲಿ ಹತ್ತರ ಮುಂದಿನದು ‘ಇಂಟರ್’. ತಾಳವಾಡಿ, ಹೊಸೂರುಗಳಲ್ಲಿ ‘ಪ್ಲಸ್ ವನ್’ ಎಂಬುದೇ ನಡೆಯುತ್ತದೆ. ಆಯಾ ಊರಿನ ಅಧ್ಯಾಪಕರು ಪದವನ್ನೂ ರಜೆಯ ದಿನಾಂಕಗಳನ್ನೂ ತಮ್ಮ ರಾಜ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ಕಾಸರಗೋಡಿನ ಸಾಲನ್ನು ಸೊಲ್ಲಾಪುರದಲ್ಲಿ ಹಾಗೆಯೇ ಬರೆಸಿದರೆ ಪಾಠದ ಉದ್ದೇಶವೇ ತಪ್ಪುತ್ತದೆ.

ಕಾಗದದ ಮೇಲೆ

ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದರೆ 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರದ ಕರಪತ್ರ ದೊರೆಯುತ್ತದೆ. ಎರಡು ಅಂಚುಗಳಿಗೆ ಹತ್ತು ಹತ್ತು ಮಿ.ಮೀ. ಬಿಟ್ಟರೆ ಬರವಣಿಗೆಗೆ ಉಳಿಯುವುದು 128 ಮಿ.ಮೀ. ಮೇಲಿನ ತಲೆಬರಹವನ್ನು ಅಕ್ಷರಗಳಾಗಿ ಎಣಿಸಿದರೆ ಮೊದಲ ಸಾಲಿನಲ್ಲಿ 8, ಎರಡನೆಯದರಲ್ಲಿ 8, ಮೂರನೆಯದರಲ್ಲಿ 9 ಬರುತ್ತವೆ. ಒತ್ತಕ್ಷರ ಸೇರಿದ್ದನ್ನು ಒಂದೆಂದೂ, ಬಿಡಿಯಾಗಿ ನಿಂತ ಅರ್ಧಾಕ್ಷರವನ್ನು ಒಂದೆಂದೂ ಎಣಿಸಬೇಕು. ಸಾಲುಗಳು ಹೀಗೆ ಸಮನಾಗಿದ್ದರೆ ಮೂರನ್ನೂ ಒಂದೇ ದಪ್ಪದಲ್ಲಿ, 36 ಪಾಯಿಂಟಿನ ಆಸುಪಾಸಿನಲ್ಲಿ ಕೂರಿಸಬಹುದು. ಸಾಲು ಒಡೆಯುವಾಗ ಅರ್ಥದ ಘಟಕ ಒಡೆಯಬಾರದು. ‘ಪ್ಲಸ್’ ಒಂದು ಸಾಲಿನಲ್ಲಿ, ‘ವನ್’ ಮುಂದಿನ ಸಾಲಿನಲ್ಲಿ ಬಂದರೆ ಕಣ್ಣು ಎಡವುತ್ತದೆ.

ಕನ್ನಡದ ತಲೆಬರಹದಲ್ಲಿ ಹೆಚ್ಚಾಗಿ ಕೆಡುವುದು ಸಾಲುಗಳ ನಡುವಣ ಅಂತರ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಮುಂದಿನ ಸಾಲಿನ ಗುಣಿತದ ಕೊಂಬುಗಳು ಮೇಲಕ್ಕೆ ಏರುತ್ತವೆ. ‘ಮಾಧ್ಯಮ’ದ ಯ ಒತ್ತು ಕೆಳಗಿನ ಸಾಲಿಗೆ ತಾಗಿದರೆ ದೂರದಿಂದ ಅದು ಮಸಿಯ ಕಲೆಯಂತೆ ಕಾಣುತ್ತದೆ. ಅಕ್ಷರ 36 ಪಾಯಿಂಟಾದರೆ ಸಾಲಿನಿಂದ ಸಾಲಿಗೆ 50 ಪಾಯಿಂಟಿನಷ್ಟು ಬಿಡಬೇಕು. ಇಂಗ್ಲಿಷ್ ಕರಪತ್ರದ ಅಳತೆಯನ್ನೇ ಅನುಸರಿಸುವ ಮುದ್ರಣಾಲಯಗಳಲ್ಲಿ ಇದನ್ನು ಹೇಳಿಯೇ ಮಾಡಿಸಬೇಕು.

ಇನ್ನೊಂದು ತೊಡಕು ಫಾಂಟಿನದು. ಮೊಬೈಲಿನಲ್ಲಿ ಬೆರಳಚ್ಚು ಮಾಡಿದ ಕನ್ನಡ ಯೂನಿಕೋಡಿನಲ್ಲಿರುತ್ತದೆ, ಹಲವು ಡಿ.ಟಿ.ಪಿ. ಅಂಗಡಿಗಳು ಇಂದಿಗೂ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುತ್ತವೆ. ಒಂದರಿಂದ ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಆಗ ಆಪರೇಟರು ಮತ್ತೆ ಬೆರಳಚ್ಚು ಮಾಡುತ್ತಾರೆ, ತಪ್ಪು ನುಸುಳುವುದು ಅಲ್ಲಿಯೇ. ‘ಮಾದ್ಯಮ’, ‘ಸಿದ್ದತೆ’, ‘ವಿಧ್ಯಾರ್ಥಿ’ ಎಂಬ ಮೂರು ತಪ್ಪುಗಳು ಕರಪತ್ರಗಳಲ್ಲಿ ಪದೇ ಪದೇ ಕಾಣುತ್ತವೆ. ಮೂರೂ ಮಹಾಪ್ರಾಣದ ತಪ್ಪುಗಳು. ಪಾಠ ಹೇಳಿಕೊಡುವೆವೆಂದು ಸಾರುವ ಕಾಗದದ ನೆತ್ತಿಯಲ್ಲಿಯೇ ಅಂತಹ ತಪ್ಪಿದ್ದರೆ ಉಳಿದುದನ್ನು ಓದಬೇಕಾಗಿಯೇ ಇಲ್ಲ. ಪ್ರೂಫನ್ನು ಪರದೆಯ ಮೇಲೆ ನೋಡದೆ ಕಾಗದದ ಮೇಲೆ ತೆಗೆಸಿ, ತಲೆಬರಹವನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿಸುವುದು ಹಳೆಯ ಪದ್ಧತಿ. ಅದಕ್ಕಿಂತ ಉತ್ತಮವಾದದ್ದು ಇನ್ನೂ ಬಂದಿಲ್ಲ.

ಎರಡನೆಯ ಅವಧಿ

ಎರಡನೆಯ ಅವಧಿಯಲ್ಲಿ ಮಕ್ಕಳು ಅರ್ಧ ಹಾಳೆಯ ಮೇಲೆ ತಮ್ಮ ತಲೆಬರಹವನ್ನು ದಪ್ಪ ಅಕ್ಷರಗಳಲ್ಲಿ ಬರೆದು ತರಬೇಕು. ಈ ಪಾಠ ನಡೆಯದ ಬೇರೊಂದು ತರಗತಿಯ ಕೆಲವು ಮಕ್ಕಳಿಗೆ ಒಂದೊಂದು ಹಾಳೆಯನ್ನು ತೋಳಿನಷ್ಟು ದೂರದಲ್ಲಿ ಮೂರು ಸೆಕೆಂಡು ತೋರಿಸಿ ಮಡಚಬೇಕು. ಅನಂತರ ಕೇಳುವ ಪ್ರಶ್ನೆಗಳು ಎರಡು: ಇದು ಯಾರಿಗೆ? ಏನು ಕಲಿಸುತ್ತಾರೆ? ಎರಡಕ್ಕೂ ಉತ್ತರ ಬಂದರೆ ತಲೆಬರಹ ಕೆಲಸ ಮಾಡಿದೆ. ‘ಚೆನ್ನಾಗಿದೆ’ ಎಂಬ ಮಾತ್ರದ ಉತ್ತರ ಬಂದರೆ ಸಾಲು ತನ್ನತ್ತ ಗಮನ ಸೆಳೆದಿದೆ, ತರಗತಿಯತ್ತ ಸೆಳೆದಿಲ್ಲ. ಯಾರಿಗೆಂಬುದು ತಿಳಿಯದಿದ್ದರೆ ಚತುರ್ಥಿಯ ಪದ ಹಿಂದೆ ಉಳಿದಿರುತ್ತದೆ ಅಥವಾ ಬಿಟ್ಟೇ ಹೋಗಿರುತ್ತದೆ. ಅದನ್ನು ಅಲ್ಲಿಯೇ ತಿದ್ದಿಸಬಹುದು.

ತಲೆಬರಹದಿಂದ ಆಗದ ಕೆಲಸವೂ ಇದೆ. ಮನೆಯಲ್ಲಿ ಕನ್ನಡ ಓದಬಲ್ಲ ಹಿರಿಯರಿಲ್ಲದೆ, ಮಲಯಾಳವನ್ನಷ್ಟೇ ಓದುವವರಿದ್ದರೆ ಕನ್ನಡದ ಸಾಲು ಅವರಿಗೆ ತಲಪದು. ಅಂತಹ ಕಡೆ ಕನ್ನಡದ ಕೆಳಗೆ ಚಿಕ್ಕದಾಗಿ ಮಲಯಾಳದ ಸಾಲೊಂದನ್ನು ಸೇರಿಸಬೇಕಾಗುತ್ತದೆ, ಮತ್ತು ಅದನ್ನು ಆ ಭಾಷೆ ಬಲ್ಲವರೇ ಬರೆಯಬೇಕು. ಕನ್ನಡದ ಸಾಲನ್ನು ಪದಕ್ಕೆ ಪದ ಇಟ್ಟು ಕಟ್ಟಿದರೆ ಎರಡೂ ಕೆಡುತ್ತವೆ.

ಅಂಕ ನೀಡುವುದಾದರೆ ಹತ್ತರಲ್ಲಿ ನಾಲ್ಕನ್ನು ‘ಯಾರಿಗೆ, ಏನು’ ಎಂಬುದಕ್ಕೆ, ಮೂರನ್ನು ಕಾಗುಣಿತಕ್ಕೆ, ಎರಡನ್ನು ಸಾಲು ಒಡೆದ ಬಗೆಗೆ ಮೀಸಲಿಡಬಹುದು. ಉಳಿದ ಒಂದು ಅಂಕ, ಮೊದಲ ಕರಡಿಗೂ ಕೊನೆಯದಕ್ಕೂ ನಡುವೆ ಯಾವ ಪದವನ್ನು ಏಕೆ ತೆಗೆದೆನೆಂದು ವಿದ್ಯಾರ್ಥಿ ಹಾಳೆಯ ಹಿಂಬದಿಯಲ್ಲಿ ಬರೆದ ಒಂದು ವಾಕ್ಯಕ್ಕೆ.